ಚಾರ್ಟ್‌ಗೂ ಫೋಟೋಗೂ ಆಲ್ಟ್ ಟೆಕ್ಸ್ಟ್ ಬರೆಯುವುದು ಹೇಗೆ: ಹಂತ ಹಂತವಾಗಿ

ಲೇಖನಕ್ಕೆ ಚಿತ್ರ ಹಾಕುವಾಗ ಪಕ್ಕದಲ್ಲಿ Alternative Text ಅಂತ ಒಂದು ಖಾಲಿ ಜಾಗ ಕಾಣಿಸುತ್ತದಲ್ಲ, ಅದರಲ್ಲಿ ಏನು ಬರೆಯಬೇಕು, ಎಷ್ಟು ಬರೆಯಬೇಕು ಅಂತ ತುಂಬ ಜನ ಕೇಳುತ್ತಿದ್ದಾರೆ. ಫೋಟೋ ಆದರೆ ಹೇಗೋ ಒಂದು ಸಾಲು ಬರೆಯುತ್ತೇವೆ, ಚಾರ್ಟ್ ಬಂದರೆ ಕೈ ನಿಂತುಹೋಗುತ್ತದೆ ಅನ್ನುವುದು ಎಲ್ಲರ ಮಾತು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಎದುರಾಗುವ ಕೆಲವು ತೊಡಕುಗಳಿವೆ, ಅವನ್ನೂ ಸೇರಿಸಿದ್ದೇನೆ.

ಮೊದಲು ಇದು ಏನು ಅಂತ ನೋಡೋಣ. ಕಣ್ಣು ಕಾಣದವರು, ಕಡಿಮೆ ಕಾಣುವವರು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸ್ಕ್ರೀನ್ ರೀಡರ್ ಬಳಸುತ್ತಾರೆ. ಪರದೆಯ ಮೇಲಿರುವ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ ಅದು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್, ವಿಂಡೋಸ್ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಎನ್‌ವಿಡಿಎ ಹೆಚ್ಚು ಬಳಕೆಯಲ್ಲಿವೆ. ಓದುತ್ತಾ ಹೋಗುವಾಗ ಚಿತ್ರ ಎದುರಾದರೆ ಈ ತಂತ್ರಾಂಶ ಸಾಮಾನ್ಯವಾಗಿ ಚಿತ್ರವನ್ನು ನೋಡಿ ಹೇಳುವುದಿಲ್ಲ, ನೀವು ಆ ಚಿತ್ರಕ್ಕೆ ಕೊಟ್ಟಿರುವ ಬದಲಿ ಬರಹವನ್ನು ಓದುತ್ತದೆ. ಅದೇ ಆಲ್ಟ್ ಟೆಕ್ಸ್ಟ್. ನೆಟ್ ನಿಧಾನವಾಗಿ ಚಿತ್ರ ತೆರೆಯದೇ ಹೋದರೆ ಅದರ ಜಾಗದಲ್ಲಿ ಕಾಣಿಸುವುದೂ ಇದೇ ಬರಹ.

ಕೆಲಸ ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು ಇಷ್ಟು: ಬರೆದು ಮುಗಿಸಿದ ಲೇಖನ, ಹಾಕಬೇಕಾದ ಚಿತ್ರ, ಚಾರ್ಟ್ ಆಗಿದ್ದರೆ ಅದನ್ನು ಮಾಡಿದ ಅಂಕಿಗಳ ಶೀಟ್, ಮತ್ತೆ ಕೊನೆಗೆ ಕೇಳಿ ನೋಡಲು ಒಂದು ಫೋನ್. ಲೇಖನ ಮುಗಿಯುವ ಮೊದಲೇ ಆಲ್ಟ್ ಬರೆಯಲು ಕೂರಬೇಡಿ. ಯಾಕೆ ಅನ್ನುವುದು ಮೊದಲ ಹಂತದಲ್ಲೇ ಗೊತ್ತಾಗುತ್ತದೆ.

ಹಂತ 1: ಈ ಚಿತ್ರ ಇಲ್ಲಿ ಯಾಕಿದೆ ಅಂತ ನಿರ್ಧರಿಸಿ

ಆಲ್ಟ್ ಬರೆಯುವವರು ಸಾಮಾನ್ಯವಾಗಿ ಚಿತ್ರವನ್ನು ನೋಡಿ, ಅದರಲ್ಲಿ ಏನೇನಿದೆ ಅಂತ ಪಟ್ಟಿ ಮಾಡಲು ಶುರು ಮಾಡುತ್ತಾರೆ. ಅಲ್ಲೇ ದಾರಿ ತಪ್ಪುವುದು. ಚಿತ್ರದಲ್ಲಿ ಏನಿದೆ ಅನ್ನುವುದಕ್ಕಿಂತ, ಈ ಲೇಖನದ ಈ ಜಾಗದಲ್ಲಿ ಅದು ಏನು ಕೆಲಸ ಮಾಡುತ್ತಿದೆ ಅನ್ನುವುದು ಮುಖ್ಯ. ಚಿತ್ರವನ್ನು ತೆಗೆದುಹಾಕಿದರೆ ಓದುಗರಿಗೆ ಏನು ತಪ್ಪಿಹೋಗುತ್ತದೆ? ಅದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಕ್ಕೂ ಆ ಸಾಲೇ ಆಧಾರ.

ಏನೂ ತಪ್ಪಿಹೋಗುವುದಿಲ್ಲ ಅನ್ನಿಸಿದರೆ ಆ ಚಿತ್ರ ಬರೀ ಅಲಂಕಾರಕ್ಕೆ ಇದೆ ಅಂತ. ಅಧ್ಯಾಯಗಳ ನಡುವೆ ಹಾಕುವ ಬಳ್ಳಿಯ ಚಿತ್ರ, ಪುಟ ಖಾಲಿ ಕಾಣಬಾರದು ಅಂತ ಹಾಕುವ ಪೆನ್ನು ಪುಸ್ತಕದ ಫೋಟೋ, ಇಂಥವು. ಇವಕ್ಕೆ ಆಲ್ಟ್ ಖಾಲಿ ಬಿಡಬೇಕು. ಆದರೆ ಖಾಲಿ ಬಿಡುವುದು ಬೇರೆ, ಆಲ್ಟ್ ಇಲ್ಲದೇ ಇರುವುದು ಬೇರೆ. ವೆಬ್ ಪುಟದ ಕೋಡ್ ಆದ ಎಚ್‌ಟಿಎಂಎಲ್‌ನಲ್ಲಿ ನೋಡಿ:

```html
<img src="IMG-20240512-WA0007.jpg">
<img src="IMG-20240512-WA0007.jpg" alt="">
```

ಮೊದಲ ಸಾಲಿನಲ್ಲಿ ಆಲ್ಟ್ ಅನ್ನುವುದೇ ಇಲ್ಲ. ಆಗ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲಿನ ಹೆಸರನ್ನೇ ಓದಲು ಶುರು ಮಾಡುತ್ತವೆ. ಕಥೆಯ ನಡುವೆ ಒಂದೊಂದೇ ಅಂಕಿ, ಒಂದೊಂದೇ ಅಕ್ಷರ ಕೇಳಿಸುತ್ತಾ ಹೋಗುತ್ತದೆ. ಎರಡನೇ ಸಾಲಿನಲ್ಲಿ ಆಲ್ಟ್ ಇದೆ, ಒಳಗೆ ಏನೂ ಇಲ್ಲ. ಇದನ್ನು ಕಂಡರೆ ಸ್ಕ್ರೀನ್ ರೀಡರ್ ಆ ಚಿತ್ರವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ವರ್ಡ್‌ಪ್ರೆಸ್ ಬಳಸುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅದರ ಇಮೇಜ್ ಬ್ಲಾಕ್‌ನಲ್ಲಿ ನೀವು ಏನೂ ಬರೆಯದಿದ್ದರೆ ಅದು ತಾನೇ `alt=""` ಅಂತ ಹಾಕುತ್ತದೆ. ಅಂದರೆ ನೀವು ಮರೆತಿದ್ದು "ಇದು ಬರೀ ಅಲಂಕಾರ, ಬಿಟ್ಟು ಹೋಗಿ" ಅಂತ ಹೇಳಿದ ಹಾಗೆ ಆಗುತ್ತದೆ. ನಿಮ್ಮ ಲೇಖನದ ಅತಿ ಮುಖ್ಯ ಚಾರ್ಟ್ ಹೀಗೆ ಸದ್ದಿಲ್ಲದೆ ಮಾಯವಾಗಬಹುದು. ಆ ಪುಟವನ್ನು ಯಾವ ಪರೀಕ್ಷಾ ತಂತ್ರಾಂಶಕ್ಕೆ ಕೊಟ್ಟರೂ ಬಹುಪಾಲು ಅದು ತಪ್ಪು ಎಂದು ತೋರಿಸುವುದಿಲ್ಲ, ಯಾಕೆಂದರೆ ಖಾಲಿ ಆಲ್ಟ್ ನಿಯಮದ ಪ್ರಕಾರ ಸರಿಯೇ ಇದೆ.

ಇನ್ನೆರಡು ಬಗೆಯನ್ನು ಇಲ್ಲೇ ಬೇರೆ ಮಾಡಿಕೊಳ್ಳಿ. ಚಿತ್ರವನ್ನು ಒತ್ತಿದರೆ ಬೇರೆ ಪುಟಕ್ಕೆ ಹೋಗುವಂತಿದ್ದರೆ, ಆಲ್ಟ್ ಹೇಳಬೇಕಾದ್ದು ಅದು ಎಲ್ಲಿಗೆ ಹೋಗುತ್ತದೆ ಅಂತ. ಚಿತ್ರದಲ್ಲಿ ಬರಹವೇ ಇದ್ದರೆ, ಅಂದರೆ ಆದೇಶದ ಪ್ರತಿ, ಕಾರ್ಯಕ್ರಮದ ಪೋಸ್ಟರ್, ವಾಟ್ಸಾಪ್‌ನಲ್ಲಿ ಬಂದ ಪ್ರಕಟಣೆ ಇಂಥದ್ದಾದರೆ, ಆ ಬರಹವನ್ನು ಲೇಖನದಲ್ಲೇ ಟೈಪ್ ಮಾಡಿ ಹಾಕಿ. ಆಲ್ಟ್‌ನಲ್ಲಿ "ಇಲಾಖೆಯ ಆದೇಶದ ಪ್ರತಿ, ಪೂರ್ತಿ ಬರಹ ಕೆಳಗಿದೆ" ಅಂದರೆ ಸಾಕು. ಇಡೀ ಆದೇಶವನ್ನು ಆಲ್ಟ್‌ಗೆ ತುರುಕಬೇಡಿ.

ಹಂತ 2: ಫೋಟೋ ಆದರೆ, ಕೆಲಸಕ್ಕೆ ಬೇಕಾದ್ದನ್ನು ಮಾತ್ರ ಆರಿಸಿ

ಒಂದು ಫೋಟೋ ಇದೆ ಅಂದುಕೊಳ್ಳಿ. ಕೋಲಾರದ ಎಪಿಎಂಸಿ ಮಾರುಕಟ್ಟೆ, ಬೆಳಗಿನ ಹೊತ್ತು. ಆಳೆತ್ತರಕ್ಕೆ ಜೋಡಿಸಿದ ಟೊಮೆಟೊ ಬಾಕ್ಸುಗಳು. ಅವುಗಳ ಮುಂದೆ ನೆಲದ ಮೇಲೆ ಸುರಿದ ಹಣ್ಣಿನ ರಾಶಿ, ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತ ಒಬ್ಬ ರೈತರು. ಹಿಂದೆ ಎರಡು ಲಾರಿ, ಅರ್ಧ ಕಿತ್ತುಹೋದ ತಗಡಿನ ಚಾವಣಿ, ಗೋಡೆಯ ಮೇಲೆ ಯಾವುದೋ ಜಾಹೀರಾತು.

ಟೊಮೆಟೊ ಬೆಲೆ ಕುಸಿದ ಬಗ್ಗೆ ಲೇಖನವಾದರೆ ಆಲ್ಟ್ ಹೀಗಿರಬಹುದು:

> ಕೋಲಾರ ಎಪಿಎಂಸಿಯಲ್ಲಿ ರೈತರೊಬ್ಬರು ನೆಲಕ್ಕೆ ಸುರಿದ ಟೊಮೆಟೊ ರಾಶಿಯ ಪಕ್ಕ ಕೂತಿದ್ದಾರೆ. ಹಿಂದೆ ತುಂಬಿದ ಬಾಕ್ಸುಗಳು ಆಳೆತ್ತರಕ್ಕೆ ನಿಂತಿವೆ.

ಅದೇ ಫೋಟೋ, ಮಾರುಕಟ್ಟೆಗೆ ಸರಿಯಾದ ಕಟ್ಟಡ ಇಲ್ಲ ಅನ್ನುವ ಲೇಖನದಲ್ಲಿ ಬಂದರೆ:

> ಕೋಲಾರ ಎಪಿಎಂಸಿಯ ತಗಡಿನ ಚಾವಣಿ ಅರ್ಧ ಕಿತ್ತುಹೋಗಿದೆ. ಕೆಳಗೆ ಟೊಮೆಟೊ ಬಾಕ್ಸುಗಳು ಬಿಸಿಲಿನಲ್ಲೇ ಇವೆ.

ಎರಡೂ ಸರಿ. ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಿದರೆ ಎರಡೂ ಪ್ರಯೋಜನಕ್ಕಿಲ್ಲ. ಗೋಡೆಯ ಜಾಹೀರಾತು ಎರಡರಲ್ಲೂ ಬಂದಿಲ್ಲ, ಲಾರಿಗಳೂ ಬಂದಿಲ್ಲ. ಬಿಡಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೆ ಕೇಳುವವರ ಸಮಯವೂ ಮುಖ್ಯ ಅಲ್ವಾ? ಕಣ್ಣಿರುವವರು ಜಾಹೀರಾತನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತಾರೆ. ಕೇಳುವವರಿಗೆ ಒಂದೊಂದು ಪದವನ್ನೂ ದಾಟಿಯೇ ಮುಂದೆ ಹೋಗಬೇಕು.

"ರೈತ ದುಃಖದಿಂದ ಕೂತಿದ್ದಾನೆ" ಅಂತ ಬರೆಯುವುದು ತುಂಬ ಕಡೆ ಕಾಣುವ ತಪ್ಪು. ದುಃಖ ಅನ್ನುವುದು ನಿಮ್ಮ ಊಹೆ. ಅವರು ಸುಮ್ನೆ ದಣಿವಾರಿಸಿಕೊಳ್ಳಲು ಕೂತಿರಬಹುದು. ತಲೆ ಮೇಲೆ ಕೈ ಹೊತ್ತಿದ್ದರೆ "ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ" ಅನ್ನಿ, ಕಂಡದ್ದನ್ನು ಹೇಳಿದರೆ ಕೇಳುವವರೇ ಅರ್ಥ ಮಾಡಿಕೊಳ್ಳುತ್ತಾರೆ. ಜಾತಿ, ಧರ್ಮ, ವಯಸ್ಸು ಇವನ್ನೂ ಮುಖ ನೋಡಿ ಊಹಿಸಬೇಡಿ. ಇನ್ನು "ಕೂತಿದ್ದಾನೆ" ಅನ್ನುವುದು. ಲೇಖನದಲ್ಲಿ "ಅವರು" ಅಂತ ಬರೆದು ಆಲ್ಟ್‌ನಲ್ಲಿ ಮಾತ್ರ "ಅವನು" ಮಾಡುವವರಿದ್ದಾರೆ, ಚಿಕ್ಕ ಜಾಗ, ಯಾರು ನೋಡುತ್ತಾರೆ ಅನ್ನುವ ಭಾವನೆಯಿಂದಲೋ ಏನೋ. ಲೇಖನದಲ್ಲಿರುವ ಮರ್ಯಾದೆ ಆಲ್ಟ್‌ನಲ್ಲೂ ಇರಲಿ.

ಫೋಟೋದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬರೆಯುವ ಅಡಿಬರಹವನ್ನೇ ಆಲ್ಟ್‌ಗೆ ನಕಲು ಮಾಡಬೇಡಿ. ಸ್ಕ್ರೀನ್ ರೀಡರ್ ಎರಡನ್ನೂ ಓದುತ್ತದೆ, ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ದಿನಾಂಕ, ಫೋಟೋ ತೆಗೆದವರ ಹೆಸರು, ಹಿನ್ನೆಲೆ ಇವು ಅಡಿಬರಹಕ್ಕೆ ಸೇರಿದ್ದು. ಕಣ್ಣಿಗೆ ಕಾಣುವುದು ಆಲ್ಟ್‌ಗೆ ಸೇರಿದ್ದು.

ಹಂತ 3: ವಾಕ್ಯವನ್ನು ಕಿವಿಗೆ ಹೊಂದಿಸಿ

ಇಲ್ಲಿ ನಮ್ಮ ಭಾಷೆಯ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ನಾಮಪದ ಆಮೇಲೆ ಬರುತ್ತದೆ. ಈ ವಾಕ್ಯ ನೋಡಿ:

> ತಲೆಗೆ ಕೆಂಪು ಟವೆಲ್ ಸುತ್ತಿಕೊಂಡು, ಕೈಯಲ್ಲಿ ಹಸಿರು ಬಾವುಟ ಹಿಡಿದು, ಮಳೆಯಲ್ಲಿ ನೆನೆಯುತ್ತಾ ವಿಧಾನಸೌಧದ ಕಡೆಗೆ ನಡೆಯುತ್ತಿರುವ ಕಬ್ಬು ಬೆಳೆಗಾರರು

ಕಾಗದದ ಮೇಲೆ ಚೆನ್ನಾಗಿಯೇ ಇದೆ. ಕೇಳುವಾಗ ಯಾರ ಬಗ್ಗೆ ಮಾತು ಅನ್ನುವುದು ಕೊನೆಯ ಎರಡು ಪದದವರೆಗೂ ಗೊತ್ತಾಗುವುದಿಲ್ಲ. ಸ್ಕ್ರೀನ್ ರೀಡರ್ ರೂಢಿಯಾದವರು ತುಂಬ ವೇಗವಾಗಿ ಓದಿಸುತ್ತಾರೆ, ಮೊದಲ ನಾಲ್ಕೈದು ಪದ ಕೇಳಿ ಬೇಕೋ ಬೇಡವೋ ನಿರ್ಧರಿಸಿ ಮುಂದಕ್ಕೆ ಹೋಗುತ್ತಾರೆ. ಅದಕ್ಕೆ ಮುಖ್ಯವಾದ್ದನ್ನು ಮುಂದೆ ತನ್ನಿ, ವಾಕ್ಯವನ್ನು ಒಡೆಯಿರಿ:

> ಕಬ್ಬು ಬೆಳೆಗಾರರು ವಿಧಾನಸೌಧದ ಕಡೆಗೆ ನಡೆಯುತ್ತಿದ್ದಾರೆ. ಕೈಯಲ್ಲಿ ಹಸಿರು ಬಾವುಟ. ಮಳೆಯಲ್ಲಿ ನೆನೆದಿದ್ದಾರೆ.

"ಇದೊಂದು ಚಿತ್ರ", "ಈ ಫೋಟೋದಲ್ಲಿ" ಅಂತ ಶುರು ಮಾಡುವುದು ಬೇಡ. ಚಿತ್ರ ಅನ್ನುವುದನ್ನು ಸ್ಕ್ರೀನ್ ರೀಡರೇ ಹೇಳುತ್ತದೆ. ಅದು ಬರೀ ಫೋಟೋ ಅಲ್ಲ, ಹಳೆಯ ಕಪ್ಪು ಬಿಳುಪು ಫೋಟೋ, ಭೂಪಟ, ಪೇಂಟಿಂಗ್ ಅನ್ನುವುದು ಲೇಖನಕ್ಕೆ ಮುಖ್ಯವಾದರೆ ಮಾತ್ರ ಹೇಳಿ.

ಸಂಕ್ಷೇಪಗಳನ್ನು ಬಿಡಿಸಿ ಬರೆಯಿರಿ. "ಶೇ." ಅಂತ ಬರೆದರೆ ಯಂತ್ರದ ದನಿ ಆ ಚುಕ್ಕಿಯನ್ನು ವಾಕ್ಯ ಮುಗಿಯಿತು ಅಂತ ತಿಳಿದು ನಿಲ್ಲಬಹುದು, ಆಮೇಲೆ 68 ಅಂತ ಹೊಸದಾಗಿ ಶುರು ಮಾಡಬಹುದು. "ಶೇಕಡಾ 68" ಅನ್ನಿ. "ರೂ." ಬೇಡ, "ರೂಪಾಯಿ" ಬೇಕು. "2001-11" ಬೇಡ, "2001ರಿಂದ 2011ರವರೆಗೆ" ಬೇಕು.

ಉದ್ದದ ಬಗ್ಗೆ ಕೇಳುವವರಿಗೆ: 125 ಅಕ್ಷರ ಮೀರಬಾರದು ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಎಚ್‌ಟಿಎಂಎಲ್‌ನಲ್ಲಿ ಅಂಥ ಮಿತಿ ಇಲ್ಲ. ಕನ್ನಡಕ್ಕಂತೂ ಆ ಲೆಕ್ಕ ಹೊಂದುವುದೇ ಇಲ್ಲ, ಯಾಕೆಂದರೆ ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. "ಸ್ತ್ರೀ" ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಫೋಟೋಗೆ ಒಂದರಿಂದ ಮೂರು ಚಿಕ್ಕ ವಾಕ್ಯ, ಚಾರ್ಟ್‌ಗೆ ಆರೇಳು ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಆ ವಿಷಯ ಇರಬೇಕಾದ ಜಾಗ ಆಲ್ಟ್ ಅಲ್ಲ, ಲೇಖನದ ಒಳಗೆ.

ಹಂತ 4: ಚಾರ್ಟ್ ಆದರೆ, ಬಗೆ, ವಿಷಯ, ಸುದ್ದಿ, ಅಂಕಿ

ಈಗ ಎಲ್ಲರೂ ಹೆದರುವ ಭಾಗ. ಚಾರ್ಟ್‌ಗೆ ಆಲ್ಟ್ ಬರೆಯಲು ಒಂದು ಕ್ರಮ ಇದೆ. ಮೊದಲು ಚಾರ್ಟಿನ ಬಗೆ. ಆಮೇಲೆ ಯಾವುದರ ಅಂಕಿ, ಯಾವ ಕಾಲದ್ದು. ಆಮೇಲೆ ಅದು ಹೇಳುವ ಸುದ್ದಿ ಏನು. ಕೊನೆಗೆ ಆ ಸುದ್ದಿಯನ್ನು ಸಾಬೀತು ಮಾಡುವ ಮೂರ್ನಾಲ್ಕು ಅಂಕಿ.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಕರ್ನಾಟಕದ ಸಾಕ್ಷರತೆ, ಜನಗಣತಿಯ ಅಂಕಿಗಳು, ಏಳು ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕ. 1991ರಲ್ಲಿ ಪುರುಷರು ಶೇಕಡಾ 67.26, ಮಹಿಳೆಯರು 44.34. 2001ರಲ್ಲಿ 76.10 ಮತ್ತು 56.87. 2011ರಲ್ಲಿ 82.47 ಮತ್ತು 68.08. ಇದನ್ನು ಬಾರ್ ಚಾರ್ಟ್ ಮಾಡಿದ್ದೀರಿ, ಅಂದರೆ ಎತ್ತರದ ಪಟ್ಟಿಗಳಲ್ಲಿ ಅಂಕಿ ತೋರಿಸುವ ಚಾರ್ಟ್. ಒಂದೊಂದು ಜನಗಣತಿಗೆ ಎರಡು ಪಟ್ಟಿ, ನೀಲಿ ಪುರುಷರಿಗೆ, ಕಿತ್ತಳೆ ಮಹಿಳೆಯರಿಗೆ.

ಸಾಮಾನ್ಯವಾಗಿ ಜನ ಬರೆಯುವ ಆಲ್ಟ್:

> ಸಾಕ್ಷರತೆ ಚಾರ್ಟ್

ಇದು ಹೆಸರು ಅಷ್ಟೇ, ಒಳಗಿನ ವಿಷಯ ಏನೂ ಇಲ್ಲ. ಇದನ್ನು ತಿದ್ದಲು ಹೊರಟವರು ಇನ್ನೊಂದು ತುದಿಗೆ ಹೋಗುತ್ತಾರೆ:

> ನೀಲಿ ಮತ್ತು ಕಿತ್ತಳೆ ಬಣ್ಣದ ಆರು ಪಟ್ಟಿಗಳಿವೆ. ಎಡಗಡೆಯ ಎರಡು ಚಿಕ್ಕವು, ಬಲಗಡೆಯ ಎರಡು ದೊಡ್ಡವು. ನೀಲಿ ಪಟ್ಟಿ ಯಾವಾಗಲೂ ಎತ್ತರ.

ಇಲ್ಲಿ ಹೇಳಿದ್ದೆಲ್ಲ ನಿಜವೇ, ಆದರೆ ಎಲ್ಲವೂ ಪಟ್ಟಿಗಳ ಬಗ್ಗೆ. ಸಾಕ್ಷರತೆ ಬಗ್ಗೆ ಒಂದು ಮಾತೂ ಇಲ್ಲ. ಬಣ್ಣ, ಎಡ, ಬಲ ಇವೆಲ್ಲ ಕಣ್ಣಿಗೆ ಗುರುತು ಸಿಗಲಿ ಅಂತ ಮಾಡಿದ್ದು, ಕಿವಿಗೆ ಬೇಡ.

ಹೆಣ್ಣು ಗಂಡಿನ ಅಂತರ ಹೇಗೆ ಕಮ್ಮಿಯಾಯಿತು ಅನ್ನುವುದು ನಿಮ್ಮ ಲೇಖನವಾದರೆ ಹೀಗೆ ಬರೆಯಿರಿ:

> ಬಾರ್ ಚಾರ್ಟ್. ಕರ್ನಾಟಕದ ಪುರುಷರ ಮತ್ತು ಮಹಿಳೆಯರ ಸಾಕ್ಷರತೆ, 1991, 2001 ಮತ್ತು 2011ರ ಜನಗಣತಿ. ಇಬ್ಬರದೂ ಏರಿದೆ, ಮಹಿಳೆಯರದು ಹೆಚ್ಚು ಏರಿದೆ. 1991ರಲ್ಲಿ ಪುರುಷರು ಶೇಕಡಾ 67, ಮಹಿಳೆಯರು ಶೇಕಡಾ 44. 2011ರಲ್ಲಿ ಪುರುಷರು ಶೇಕಡಾ 82, ಮಹಿಳೆಯರು ಶೇಕಡಾ 68. ನಡುವಿನ ಅಂತರ 23ರಿಂದ 14ಕ್ಕೆ ಇಳಿದಿದೆ. ಪೂರ್ತಿ ಅಂಕಿ ಕೆಳಗಿನ ಟೇಬಲ್‌ನಲ್ಲಿದೆ.

ಕೆಲವು ವಿಷಯ ಗಮನಿಸಿ. 2001ರ ಅಂಕಿ ಇಲ್ಲಿ ಬಂದಿಲ್ಲ, ಯಾಕೆಂದರೆ ಆ ವರ್ಷ ದಾರಿ ಏನೂ ಬದಲಾಗಿಲ್ಲ, ಏರಿಕೆ ನಡುವೆ ಬಂದ ಒಂದು ನಿಲ್ದಾಣ ಅಷ್ಟೇ. ಅಂಕಿಯನ್ನು ಪೂರ್ಣ ಸಂಖ್ಯೆಗೆ ತಂದಿದ್ದೇನೆ, "ಅರವತ್ತೇಳು ಪಾಯಿಂಟ್ ಎರಡು ಆರು" ಅಂತ ವೇಗವಾಗಿ ಕೇಳಿಸಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. "ಅಂತರ ಶೇಕಡಾ 9 ಇಳಿದಿದೆ" ಅಂತ ಬರೆದಿಲ್ಲ, ಅದು ತಪ್ಪು. 23ರಲ್ಲಿ 9 ಕಮ್ಮಿಯಾದರೆ ಅದು ಶೇಕಡಾ 39ರಷ್ಟು ಇಳಿಕೆ. ಈ ಗೋಜೇ ಬೇಡ ಅಂದರೆ "ಇಷ್ಟರಿಂದ ಇಷ್ಟಕ್ಕೆ" ಅನ್ನಿ.

ಅದೇ ಚಾರ್ಟನ್ನು ವಯಸ್ಕರ ಶಿಕ್ಷಣದ ಬಗ್ಗೆ ಬರೆದ ಲೇಖನಕ್ಕೆ ಹಾಕಿದರೆ ಸುದ್ದಿ ಬೇರೆಯಾಗುತ್ತದೆ. ಆಗ ಮೂರನೇ ವಾಕ್ಯ ಹೀಗೆ ಬದಲಾಗಬೇಕು: "ಇಪ್ಪತ್ತು ವರ್ಷದಲ್ಲಿ ಏರಿಕೆ ಕಂಡರೂ 2011ರಲ್ಲಿ ಸುಮಾರು ಮೂವರಲ್ಲಿ ಒಬ್ಬ ಮಹಿಳೆಗೆ ಓದು ಬರಹ ಬರುತ್ತಿರಲಿಲ್ಲ." ಮೊದಲ ಹಂತದಲ್ಲಿ ಬರೆದುಕೊಂಡ ಆ ಒಂದು ಸಾಲು ಕೆಲಸಕ್ಕೆ ಬರುವುದು ಇಲ್ಲಿಯೇ.

ಎಚ್ಚರಿಕೆ ಒಂದಿದೆ. ಅಂಕಿಗಳ ಶೀಟ್ ನೋಡಿ ಬರೆಯಿರಿ, ಚಾರ್ಟಿನ ಆಕಾರ ನೋಡಿ ಬರೆಯಬೇಡಿ. ಯಾರೋ ಈ ಚಾರ್ಟಿನ ಬುಡವನ್ನು 0ಯಿಂದ ಶುರು ಮಾಡದೆ 40ರಿಂದ ಶುರು ಮಾಡಿದ್ದಾರೆ ಅಂದುಕೊಳ್ಳಿ. ಆಗ 1991ರಲ್ಲಿ ಮಹಿಳೆಯರ ಪಟ್ಟಿ 4 ಅಂಶದಷ್ಟು ಮಾತ್ರ ಮೇಲೆ ಕಾಣುತ್ತದೆ, ಪುರುಷರದು 27ರಷ್ಟು. ಕಣ್ಣಿಗೆ ಆರೇಳು ಪಟ್ಟು ವ್ಯತ್ಯಾಸ. ನಿಜವಾದ ಅಂಕಿ 44 ಮತ್ತು 67, ಎರಡು ಪಟ್ಟೂ ಇಲ್ಲ. ಆಕಾರ ನೋಡಿ "ಮಹಿಳೆಯರ ಸಾಕ್ಷರತೆ ನೆಲ ಕಚ್ಚಿತ್ತು" ಅಂತ ಬರೆದರೆ ಚಾರ್ಟಿನ ತಪ್ಪು ಆಲ್ಟ್‌ಗೂ ಬರುತ್ತದೆ. ಇಂಥದ್ದು ಕಂಡರೆ ಆಲ್ಟ್ ಬರೆಯುವುದನ್ನು ನಿಲ್ಲಿಸಿ ಮೊದಲು ಚಾರ್ಟ್ ಸರಿ ಮಾಡಿಸಿ. ಬಾರ್ ಚಾರ್ಟ್ 0ಯಿಂದಲೇ ಶುರುವಾಗಬೇಕು.

ಕಾರಣಗಳನ್ನೂ ಆಲ್ಟ್‌ಗೆ ಸೇರಿಸಬೇಕಾ ಅಂತ ಕೇಳುತ್ತಾರೆ. ಬೇಡ. 2021ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಲನ್ ಲುಂಡ್‌ಗಾರ್ಡ್ ಮತ್ತು ಅರವಿಂದ್ ಸತ್ಯನಾರಾಯಣ್ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಚಾರ್ಟ್ ವಿವರಣೆಯನ್ನು ಅವರು ನಾಲ್ಕು ಮಟ್ಟ ಮಾಡಿದರು: ಚಾರ್ಟಿನ ರಚನೆ, ಅಂಕಿ ಅಂಶ, ಏರಿಳಿತದ ರೀತಿ, ಮತ್ತು ಹಿನ್ನೆಲೆ ಅಥವಾ ಕಾರಣ. ಕಣ್ಣು ಕಾಣುವ ಓದುಗರಿಗೂ ಕಾಣದ ಓದುಗರಿಗೂ ಕೊಟ್ಟು ಯಾವುದು ಉಪಯುಕ್ತ ಅಂತ ಕೇಳಿದರು. ಕಾಣುವವರು ನಾಲ್ಕನೆಯದನ್ನು, ಅಂದರೆ ಕಾರಣ ಹೇಳುವ ವಾಕ್ಯಗಳನ್ನು ಮೆಚ್ಚಿದರು. ಕಾಣದವರಲ್ಲಿ ಬಹಳ ಜನಕ್ಕೆ ಅದು ಅಷ್ಟಾಗಿ ಬೇಕಿರಲಿಲ್ಲ, ಅಂಕಿ ಮತ್ತು ಏರಿಳಿತವೇ ಅವರಿಗೆ ಹೆಚ್ಚು ಉಪಯೋಗ ಅನ್ನಿಸಿತ್ತು. ನನ್ನ ದೃಷ್ಟಿಯಲ್ಲಿ ಇದು ತುಂಬ ದೊಡ್ಡ ಪಾಠ. ನಮಗೆ ಚೆಂದ ಕಂಡದ್ದು ಕೇಳುವವರಿಗೆ ಬೇಕಾದ್ದು ಅಂತ ಅಂದುಕೊಳ್ಳಬಾರದು. ಕಾರಣವನ್ನು ಲೇಖನದಲ್ಲೇ ಬರೆಯಿರಿ, ಅಲ್ಲಿ ಎಲ್ಲರೂ ಓದುತ್ತಾರೆ.

ಬೇರೆ ಚಾರ್ಟ್‌ಗಳಿಗೂ ಇದೇ ಕ್ರಮ. ಗೆರೆ ಚಾರ್ಟ್‌ನಲ್ಲಿ ಶುರು, ಕೊನೆ, ನಡುವೆ ದಾರಿ ತಿರುಗಿದ ಜಾಗ ಇಷ್ಟು ಹೇಳಿ. ಪೈ ಚಾರ್ಟ್‌ನಲ್ಲಿ ದೊಡ್ಡ ಪಾಲಿನಿಂದ ಶುರು ಮಾಡಿ. ಭೂಪಟ ಸ್ವಲ್ಪ ಕಷ್ಟ. 2011ರ ಜಿಲ್ಲಾವಾರು ಸಾಕ್ಷರತೆಯ ಭೂಪಟಕ್ಕೆ ಆಗಿನ 30 ಜಿಲ್ಲೆಗಳನ್ನೂ ಓದಿಸಬೇಡಿ. "ದಕ್ಷಿಣ ಕನ್ನಡ ಎಲ್ಲಕ್ಕಿಂತ ಮೇಲೆ, ಶೇಕಡಾ 89. ಯಾದಗಿರಿ ಎಲ್ಲಕ್ಕಿಂತ ಕೆಳಗೆ, ಶೇಕಡಾ 52" ಅಂತ ಎರಡು ತುದಿ ಕೊಡಿ, ಯಾವ ಭಾಗದಲ್ಲಿ ಜಾಸ್ತಿ, ಯಾವ ಭಾಗದಲ್ಲಿ ಕಮ್ಮಿ ಅಂತ ಒಂದು ವಾಕ್ಯ ಸೇರಿಸಿ.

ಹಂತ 5: ಅಂಕಿಗಳನ್ನು ಟೇಬಲ್‌ನಲ್ಲಿ ಕೊಡಿ

ಆಲ್ಟ್ ಒಳಗೆ ಪ್ಯಾರಾ, ಪಟ್ಟಿ, ಲಿಂಕ್ ಯಾವುದೂ ನಿಲ್ಲುವುದಿಲ್ಲ. ಎಲ್ಲ ಒಂದೇ ಉಸಿರಿನ ಬರಹ. ಆರು ಅಂಕಿಯನ್ನು ಅದರಲ್ಲಿ ಹಾಕಿದರೆ ಕೇಳುವವರು ಎರಡನೆಯದಕ್ಕೂ ಐದನೆಯದಕ್ಕೂ ಹೋಲಿಸಲು ಮತ್ತೆ ಮೊದಲಿಂದ ಕೇಳಬೇಕು. ಟೇಬಲ್ ಆದರೆ ಸಾಲು, ಕಾಲಂ ಹಿಡಿದು ಒಂದೊಂದೇ ಅಂಕಿಗೆ ಹೋಗಬಹುದು, ಯಾವ ವರ್ಷ, ಯಾರ ಅಂಕಿ ಅನ್ನುವುದನ್ನೂ ಸ್ಕ್ರೀನ್ ರೀಡರ್ ಜೊತೆಗೆ ಹೇಳುತ್ತದೆ. ಜಾಗ ಹಿಡಿಯುತ್ತದೆ ಅನ್ನುವ ಚಿಂತೆ ಇದ್ದರೆ ಒತ್ತಿದಾಗ ತೆರೆಯುವ ಹಾಗೆ ಇಡಬಹುದು:

```html
<details>
  <summary>ಅಂಕಿಗಳ ಟೇಬಲ್</summary>
  <table>
    <tr><th scope="col">ವರ್ಷ</th>
        <th scope="col">ಪುರುಷರು</th>
        <th scope="col">ಮಹಿಳೆಯರು</th></tr>
    <tr><th scope="row">1991</th>
        <td>67.26</td><td>44.34</td></tr>
  </table>
</details>
```

ಉಳಿದ ಎರಡು ವರ್ಷದ ಸಾಲುಗಳೂ ಹೀಗೇ. `th` ಅನ್ನುವುದು ಮುಖ್ಯ, ಅದು ತಲೆಬರಹದ ಕೋಶ. ಅದಿಲ್ಲದೆ ಎಲ್ಲದಕ್ಕೂ `td` ಹಾಕಿದರೆ "44.34" ಅಂತ ಮಾತ್ರ ಕೇಳಿಸುತ್ತದೆ, ಯಾರದ್ದು ಅಂತ ಗೊತ್ತಾಗುವುದಿಲ್ಲ. ಟೇಬಲನ್ನೇ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಹಾಕುವವರೂ ಇದ್ದಾರೆ, ಹಾಗೆ ಮಾಡಿದರೆ ಮತ್ತೆ ಮೊದಲ ಹಂತಕ್ಕೆ ಬಂದ ಹಾಗೆ.

ಡೇಟಾರ‍್ಯಾಪರ್‌ನಂಥ ತಾಣದಲ್ಲಿ ಚಾರ್ಟ್ ಮಾಡುವವರಿಗೆ ಅಲ್ಲೇ, Annotate ಅನ್ನುವ ಹಂತದಲ್ಲಿ, ಸ್ಕ್ರೀನ್ ರೀಡರ್‌ಗೆಂದೇ ವಿವರಣೆ ಬರೆಯುವ ಜಾಗ ಇರುತ್ತದೆ. ನಾಲ್ಕನೇ ಹಂತದಲ್ಲಿ ಬರೆದದ್ದನ್ನು ಅಲ್ಲಿ ಹಾಕಿ.

ಹಂತ 6: ಹಾಕುವಾಗ ಆಗುವ ಎಡವಟ್ಟುಗಳು

ಎಷ್ಟು ಚೆನ್ನಾಗಿ ಬರೆದರೂ ಇಲ್ಲಿ ಕೆಡಬಹುದು.

ಮೊದಲನೆಯದು ನುಡಿ, ಬರಹ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್. ಪತ್ರಿಕೆ, ಡಿಟಿಪಿ ಕಡೆಯಿಂದ ಬರುವ ಫೈಲುಗಳಲ್ಲಿ ಇನ್ನೂ ಯೂನಿಕೋಡ್ ಅಲ್ಲದ ಬರಹ ಇರುತ್ತದೆ. ಅದನ್ನು ಹಾಗೇ ಆಲ್ಟ್‌ಗೆ ಅಂಟಿಸಿದರೆ "ಕನ್ನಡ" ಅನ್ನುವುದು `PÀ£ÀßqÀ` ಆಗಿರುತ್ತದೆ. ಲೇಖನದಲ್ಲಿ ಫಾಂಟ್ ಹಾಕಿ ಮುಚ್ಚಬಹುದು, ಆಲ್ಟ್‌ಗೆ ಯಾವ ಫಾಂಟೂ ಅಂಟುವುದಿಲ್ಲ, ಸ್ಕ್ರೀನ್ ರೀಡರ್ ಆ ಚಿಹ್ನೆಗಳನ್ನೇ ಓದುತ್ತದೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ.

ಎರಡನೆಯದು ಪುಟದ ಭಾಷೆ. ಪುಟದ ತಲೆಯಲ್ಲಿ ಭಾಷೆ ಇಂಗ್ಲಿಷ್ ಅಂತ ಇದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯನ್ನು ಆರಿಸಬಹುದು, ಆ ದನಿಗೆ ಕನ್ನಡ ಬಾರದಿದ್ದರೆ ಬರಹವನ್ನೇ ನುಂಗಿಹಾಕಬಹುದು. ತಾಣದ ಭಾಷೆಯನ್ನು ಕನ್ನಡ ಅಂತ ಇಡಿ. ತಾಣ ಇಂಗ್ಲಿಷಿನದಾಗಿದ್ದು ಈ ಚಿತ್ರ ಮಾತ್ರ ಕನ್ನಡದ್ದಾದರೆ ಅದಕ್ಕೆ ಬೇರೆಯಾಗಿ ಹೇಳಿ:

```html
<img lang="kn" src="saksharate.png"
     alt="ಬಾರ್ ಚಾರ್ಟ್. ಕರ್ನಾಟಕದ ಸಾಕ್ಷರತೆ...">
```

ಮೂರನೆಯದು ಉದ್ಧರಣ ಚಿಹ್ನೆ. ನೀವೇ ಕೋಡ್ ಬರೆಯುವವರಾದರೆ ಆಲ್ಟ್ ಒಳಗೆ `"` ಹಾಕಬೇಡಿ, ಬರಹ ಅಲ್ಲಿಗೇ ತುಂಡಾಗುತ್ತದೆ. ಬೇಕೇ ಬೇಕು ಅಂದರೆ `&quot;` ಬಳಸಿ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಇದೆ. ಮೀಡಿಯಾ ಲೈಬ್ರರಿಯಲ್ಲಿ Alternative Text, Title, Caption, Description ಅಂತ ನಾಲ್ಕು ಜಾಗ. Title ತುಂಬಿದರೆ ಆಲ್ಟ್ ಆಗಲಿಲ್ಲ. ಮತ್ತೆ, ಲೇಖನಕ್ಕೆ ಚಿತ್ರ ಸೇರಿಸಿದ ಆಮೇಲೆ ಲೈಬ್ರರಿಯಲ್ಲಿ ಆಲ್ಟ್ ತಿದ್ದಿದರೆ ಆಗಲೇ ಸೇರಿಸಿದ ಜಾಗದಲ್ಲಿ ಅದು ಬದಲಾಗುವುದಿಲ್ಲ. ಲೇಖನ ತೆರೆದು, ಆ ಚಿತ್ರದ ಬ್ಲಾಕ್ ಒತ್ತಿ, ಅಲ್ಲೇ ತಿದ್ದಬೇಕು. ಒಂದೇ ಫೋಟೋ ಎರಡು ಲೇಖನಕ್ಕೆ ಹಾಕಿದಾಗ ಇದರಿಂದ ಅನುಕೂಲವೂ ಇದೆ, ಎರಡಕ್ಕೂ ಬೇರೆ ಬೇರೆ ಆಲ್ಟ್ ಕೊಡಬಹುದು.

ಹಂತ 7: ಕೇಳಿ ನೋಡಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Accessibility ಒಳಗೆ TalkBack ಇರುತ್ತದೆ. ಆನ್ ಮಾಡುವ ಮೊದಲು ಒಂದು ಮಾತು: ಅದು ಆನ್ ಆದರೆ ಫೋನ್ ಒತ್ತುವ ರೀತಿ ಬದಲಾಗುತ್ತದೆ. ಒಂದು ಸಲ ಮುಟ್ಟಿದರೆ ಓದುತ್ತದೆ ಅಷ್ಟೇ, ತೆರೆಯಲು ಎರಡು ಸಲ ಬೇಗ ಬೇಗ ತಟ್ಟಬೇಕು. ಗೊತ್ತಿಲ್ಲದವರು ಫೋನ್ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಆಫ್ ಮಾಡುವುದೂ ಹಾಗೇ, ಮುಟ್ಟಿ ಆರಿಸಿ, ಆಮೇಲೆ ಎರಡು ಸಲ ತಟ್ಟಿ. ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡ ದನಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಈಗ ಲೇಖನ ತೆರೆದು ಬೆರಳನ್ನು ಬಲಕ್ಕೆ ಸರಿಸುತ್ತಾ ಹೋಗಿ, ಒಂದೊಂದೇ ಭಾಗ ಓದುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಇದ್ದರೆ ಬ್ರೌಸರಿನಲ್ಲಿ `G` ಒತ್ತಿದರೆ ಮುಂದಿನ ಚಿತ್ರಕ್ಕೆ, `Shift+G` ಒತ್ತಿದರೆ ಹಿಂದಿನದಕ್ಕೆ ಹೋಗುತ್ತದೆ.

ಪರದೆ ನೋಡಬೇಡಿ. ಲೇಖನದ ಮೇಲಿನ ಪ್ಯಾರಾದಿಂದ ಶುರು ಮಾಡಿ, ಚಿತ್ರ ದಾಟಿ, ಕೆಳಗಿನ ಪ್ಯಾರಾದವರೆಗೂ ಕೇಳಿ. ಆಲ್ಟ್ ಒಂದನ್ನೇ ಕೇಳಿದರೆ ಎಲ್ಲ ಸರಿ ಇದ್ದ ಹಾಗೇ ಅನ್ನಿಸುತ್ತದೆ, ಅಕ್ಕಪಕ್ಕದ ಬರಹದ ಜೊತೆ ಕೇಳಿದಾಗಲೇ "ಇದನ್ನು ಈಗ ತಾನೇ ಹೇಳಿದೆ" ಅನ್ನುವುದು ಗೊತ್ತಾಗುವುದು. ಸಂಖ್ಯೆ ಎಲ್ಲಿ ತಪ್ಪಾಗಿ ಓದಿತು, ಯಾವ ಪದದಲ್ಲಿ ಎಡವಿತು ಅನ್ನುವುದೂ ಕೇಳಿಸುತ್ತದೆ.

ಇನ್ನೂ ಒಳ್ಳೆಯದು, ಲೇಖನ ಓದದ ಒಬ್ಬರಿಗೆ ಫೋನ್ ಮಾಡಿ ಚಾರ್ಟಿನ ಆಲ್ಟನ್ನು ಓದಿ ಹೇಳಿ. ಆಮೇಲೆ ಎರಡು ಪ್ರಶ್ನೆ ಕೇಳಿ: ಏನು ಬದಲಾಗಿದೆ, ಎಷ್ಟು? "ಹೆಂಗಸರು ಗಂಡಸರ ಹತ್ತಿರ ಬರುತ್ತಿದ್ದಾರೆ, ಮೊದಲು 23 ಇತ್ತು, ಈಗ 14" ಅಂತ ಅವರ ಮಾತಿನಲ್ಲೇ ಬಂದರೆ ಆಲ್ಟ್ ಸರಿ ಇದೆ. "ಏನೋ ಸಾಕ್ಷರತೆ ಬಗ್ಗೆ" ಅಂದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಸ್ಕ್ರೀನ್ ರೀಡರ್ ದಿನವೂ ಬಳಸುವ ಪರಿಚಯದವರು ಇದ್ದರೆ ಅವರನ್ನೇ ಕೇಳಿ, ಅವರ ಮಾತಿಗೆ ಬೆಲೆ ಜಾಸ್ತಿ.

ಹಳೆಯ ಲೇಖನಗಳ ರಾಶಿ ನೋಡಿ ಎಲ್ಲಿಂದ ಶುರು ಮಾಡಲಿ ಅನ್ನುವವರು ಮೊದಲು ಬರಹವಿರುವ ಚಿತ್ರಗಳನ್ನು ಹಿಡಿಯಿರಿ, ಆಮೇಲೆ ಚಾರ್ಟ್‌ಗಳನ್ನು, ಫೋಟೋ ಕೊನೆಗೆ. ಚಾರ್ಟಿಗೆ ಹೊಸ ವರ್ಷದ ಅಂಕಿ ಸೇರಿಸಿ ಚಿತ್ರ ಬದಲಾಯಿಸಿದಾಗಲೆಲ್ಲ ಆಲ್ಟ್ ಮತ್ತು ಟೇಬಲ್ ಎರಡನ್ನೂ ತಿದ್ದಿ. ಚಿತ್ರ ಹೊಸದಾಗಿ ಆಲ್ಟ್ ಹಳೆಯದೇ ಉಳಿದರೆ, ನೋಡುವವರಿಗೆ ಒಂದು ಅಂಕಿ, ಕೇಳುವವರಿಗೆ ಇನ್ನೊಂದು ಅಂಕಿ ಸಿಗುತ್ತದೆ.